ವಂದನಾರ್ಪಣೆ: ಮುಖ್ಯ ಅತಿಥಿಯ ಹೆಸರಿಲ್ಲದಿದ್ದರೆ

“ಚಿಂತಾಮಣಿ ಹತ್ತಿರದ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ನನ್ನದು. ಆಹ್ವಾನ ಪತ್ರಿಕೆಯಲ್ಲಿ ‘ಮುಖ್ಯ ಅತಿಥಿಗಳು: ಕ್ಷೇತ್ರ ಶಿಕ್ಷಣಾಧಿಕಾರಿಗಳು’ ಅಂತಷ್ಟೇ ಇದೆ, ಹೆಸರಿಲ್ಲ. ಏನಂತ ಬರೆಯಲಿ?”

ಸಾಹೇಬರೇ ಬರುತ್ತಾರೋ, ಬೇರೆಯವರನ್ನು ಕಳಿಸುತ್ತಾರೋ ಖಚಿತವಿಲ್ಲದೆ ಹುದ್ದೆ ಮಾತ್ರ ಅಚ್ಚು ಹಾಕಿಸಿರಬಹುದು. ನೀವೂ ಹುದ್ದೆಯ ಮೇಲೆಯೇ ಬರೆದುಕೊಳ್ಳಿ. ‘ಶ್ರೀಯುತ’, ‘ಶ್ರೀಮತಿ’ ಎರಡೂ ಬೇಡ. ‘ಮಾನ್ಯ’ ಅಂದರೆ ಯಾರು ಬಂದರೂ ಹೊಂದುತ್ತದೆ:

“ಕೆಲಸದ ಒತ್ತಡದ ನಡುವೆಯೂ ನಮ್ಮ ಶಾಲೆಗೆ ಬಂದು, ಮಕ್ಕಳಿಗೆ ……… ಎಂದು ಕಿವಿಮಾತು ಹೇಳಿದ ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಶಾಲೆಯ ಪರವಾಗಿ ಹೃತ್ಪೂರ್ವಕ ವಂದನೆಗಳು.”

ಆ ಖಾಲಿ ಜಾಗವೇ ಮುಖ್ಯ. ಅವರು ಮಾತಾಡುವಾಗ ಪೆನ್ನು ಹಿಡಿದು ಕೂತು, ಒಂದೇ ಒಂದು ಮಾತು ಬರೆದುಕೊಳ್ಳಿ. ‘ದಿನಾ ಒಂದು ಪುಟ ಗಟ್ಟಿಯಾಗಿ ಓದಿ’ ಅಂದಿದ್ದರೆ ಅದನ್ನೇ ಅಲ್ಲಿ ತುಂಬಿ. ಅದಿದ್ದರೆ ಹೆಸರಿಲ್ಲದ್ದು ಯಾರಿಗೂ ಎದ್ದು ಕಾಣಲ್ಲ.

ಕಾರ್ಯಕ್ರಮ ಶುರುವಾಗುವ ಮುಂಚೆ ಮುಖ್ಯ ಶಿಕ್ಷಕರನ್ನು ಕೇಳಿ, ಹೆಸರು ಸಿಕ್ಕರೆ ಹುದ್ದೆಯ ಪಕ್ಕ ಸೇರಿಸಿ. ಸ್ವಾಗತ ಭಾಷಣದಲ್ಲಿ ಹೇಳಿದ ಹೆಸರಿಗೂ ತಾಳೆ ನೋಡಿ. ಸಾಹೇಬರ ಬದಲು ಶಿಕ್ಷಣ ಸಂಯೋಜಕರು ಬಂದಿದ್ದರೆ “ಕ್ಷೇತ್ರ ಶಿಕ್ಷಣಾಧಿಕಾರಿಗಳ ಪರವಾಗಿ ಆಗಮಿಸಿದ ಮಾನ್ಯ ಶಿಕ್ಷಣ ಸಂಯೋಜಕರಿಗೆ” ಅನ್ನಿ. ಬಾರದವರಿಗೆ ‘ಆಗಮಿಸಿದ್ದಕ್ಕೆ’ ವಂದನೆ ಹೇಳಿದರೆ ಸಭೆ ನಗುತ್ತದೆ.

ಆಮೇಲೆ ಎಸ್‌ಡಿಎಂಸಿ ಅಧ್ಯಕ್ಷರು, ದಾನಿಗಳು, ಶಿಕ್ಷಕರು, ಪೋಷಕರು, ಬಿಸಿಯೂಟದ ಅಮ್ಮಂದಿರು, ಶಾಮಿಯಾನ ಮತ್ತು ಮೈಕ್‌ನವರು. ಈ ಕ್ರಮ ನಿಮ್ಮ ಶಾಲೆಯಲ್ಲಿ ಬೇರೆ ಇರಬಹುದು, ಮುಖ್ಯ ಶಿಕ್ಷಕರಿಗೆ ಒಮ್ಮೆ ತೋರಿಸಿ. ಎರಡು ನಿಮಿಷ ದಾಟಿಸಬೇಡಿ, ಅಷ್ಟು ಹೊತ್ತಿಗೆ ಡ್ಯಾನ್ಸ್ ಮಕ್ಕಳು ಪರದೆ ಹಿಂದೆ ತಳ್ಳಾಡುತ್ತಿರುತ್ತಾರೆ.