ಟೊಳ್ಳು ಲೋಹದ ಗೋಳದೊಳಗೆ ಗೋಡೆಯ ಪಕ್ಕದಲ್ಲೂ ವಿದ್ಯುತ್ ಕ್ಷೇತ್ರ ಸೊನ್ನೆ ಹೇಗೆ?

ಪ್ರಶ್ನೆ: ಚಾರ್ಜ್ ಕೊಟ್ಟ ಟೊಳ್ಳು ಗೋಳದ ಒಳಗೆ ಎಲ್ಲೆಲ್ಲೂ ವಿದ್ಯುತ್ ಕ್ಷೇತ್ರ ಸೊನ್ನೆ ಅಂತಾರೆ. ನಡುಮಧ್ಯದಲ್ಲಿ ಸರಿ, ಎಲ್ಲ ಕಡೆಯಿಂದ ಸಮನಾಗಿ ತಳ್ಳುತ್ತೆ. ಆದರೆ ಗೋಡೆಯ ಹತ್ತಿರ ಹೋದರೆ ಆ ಕಡೆಯ ಚಾರ್ಜ್ ಜೋರಾಗಿ ತಳ್ಳಬೇಕಲ್ವಾ?

ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ಹತ್ತಿರದ ಒಂದೊಂದು ಚಾರ್ಜೂ ಜೋರಾಗಿಯೇ ತಳ್ಳುತ್ತದೆ. ಆದರೆ ಆ ಕಡೆ ಇರುವ ಚಾರ್ಜುಗಳು ಕಡಿಮೆ. ದೂರದ ಕಡೆಯವು ಒಂದೊಂದೂ ಮೆಲ್ಲಗೆ ತಳ್ಳುತ್ತವೆ, ಆದರೆ ಅವುಗಳ ಸಂಖ್ಯೆ ಹೆಚ್ಚು. ಈ ಲೆಕ್ಕ ಸುಮಾರಾಗಿ ಅಲ್ಲ, ಕರಾರುವಾಕ್ಕಾಗಿ ಸರಿಹೋಗುತ್ತದೆ. ಮಾಡಿಯೇ ನೋಡೋಣ.

ಗೋಳದ ತ್ರಿಜ್ಯ 10 ಸೆಂ.ಮೀ. ಇರಲಿ. ಮೇಲ್ಮೈಯ ಪ್ರತಿ ಚದರ ಸೆಂ.ಮೀ.ಗೆ 1 ನ್ಯಾನೊಕೂಲಂ ಧನ ಚಾರ್ಜ್ ಸಮನಾಗಿ ಹರಡಿದೆ ಅಂದುಕೊಳ್ಳಿ. ಕೇಂದ್ರದಿಂದ 5 ಸೆಂ.ಮೀ. ಪಕ್ಕಕ್ಕೆ ಒಂದು ಬಿಂದು ಹಿಡಿಯಿರಿ. ಅಲ್ಲಿಂದ ಹತ್ತಿರದ ಗೋಡೆ 5 ಸೆಂ.ಮೀ., ನೇರ ಎದುರಿನ ಗೋಡೆ 15 ಸೆಂ.ಮೀ. ಈಗ ಆ ಬಿಂದುವಿನಿಂದ ಎರಡೂ ಕಡೆಗೆ ಒಂದೇ ಅಗಲದ ಟಾರ್ಚ್ ಬೆಳಕು ಬಿಟ್ಟಂತೆ ಊಹಿಸಿ. ಹತ್ತಿರದ ಗೋಡೆಯ ಮೇಲೆ ಬಿದ್ದ ಬೆಳಕಿನ ತುಣುಕು 1 ಚದರ ಸೆಂ.ಮೀ. ಇದ್ದರೆ, ಮೂರು ಪಟ್ಟು ದೂರದ ಗೋಡೆಯ ಮೇಲಿನ ತುಣುಕು ಉದ್ದದಲ್ಲೂ ಅಗಲದಲ್ಲೂ ಮೂರು ಪಟ್ಟು, ಅಂದರೆ 9 ಚದರ ಸೆಂ.ಮೀ. ಹಾಗಾಗಿ ಹತ್ತಿರದ ತುಣುಕಿನಲ್ಲಿ 1 ನ್ಯಾನೊಕೂಲಂ, ದೂರದ್ದರಲ್ಲಿ 9.

ಕ್ಷೇತ್ರ E = kq/r², k = 9×10⁹:

```
ಹತ್ತಿರ: 9×10⁹ × 1×10⁻⁹ / (0.05)² = 3600 N/C
ದೂರ:   9×10⁹ × 9×10⁻⁹ / (0.15)² = 3600 N/C
```

ಒಂದು ಅತ್ತ ತಳ್ಳಿದರೆ ಇನ್ನೊಂದು ಇತ್ತ, ಉಳಿದದ್ದು ಸೊನ್ನೆ. ಟಾರ್ಚನ್ನು ಓರೆಯಾಗಿ ಹಿಡಿದರೂ ಅಷ್ಟೇ. ಗೋಳದಲ್ಲಿ ಯಾವ ಗೆರೆ ಎಳೆದರೂ ಅದು ಎರಡು ತುದಿಯ ಗೋಡೆಗೂ ಒಂದೇ ಕೋನದಲ್ಲಿ ತಾಗುತ್ತದೆ, ಆದ್ದರಿಂದ ಎರಡೂ ತುಣುಕುಗಳು ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹೀಗೆ ಜೋಡಿ ಜೋಡಿಯಾಗಿ ಇಡೀ ಗೋಳವೇ ಮುಗಿದುಹೋಗುತ್ತದೆ.

ಗಮನಿಸಿ, ತುಣುಕು ದೂರದ ವರ್ಗದಂತೆ ಬೆಳೆಯುತ್ತದೆ, ಬಲ ದೂರದ ವರ್ಗದಂತೆ ಕುಗ್ಗುತ್ತದೆ. ಬಲ ಬೇರೆ ಥರ ಕುಗ್ಗುತ್ತಿದ್ದರೆ ಈ ಸಮತೋಲ ಕೆಡುತ್ತಿತ್ತು. ಇದೇ ಜಾಡು ಹಿಡಿದು ಕೂಲಂಗಿಂತ ಮುಂಚೆಯೇ ಒಬ್ಬರು ನಿಯಮವನ್ನು ಊಹಿಸಿದ್ದರು. ಚಾರ್ಜ್ ಕೊಟ್ಟ ಬೆಳ್ಳಿಯ ಪಾತ್ರೆಯೊಳಗೆ ದಾರದಲ್ಲಿ ಇಳಿಬಿಟ್ಟ ಬೆಂಡಿನ ಚೆಂಡು ಗೋಡೆಯ ಕಡೆ ಸೆಳೆಯಲ್ಪಡುವುದಿಲ್ಲ ಎಂದು ಬೆಂಜಮಿನ್ ಫ್ರಾಂಕ್ಲಿನ್ ಕಂಡಿದ್ದ. ಅದನ್ನು ನೋಡಿ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ, ವಿದ್ಯುತ್ ಬಲವೂ ಗುರುತ್ವದಂತೆ ದೂರದ ವರ್ಗಕ್ಕೆ ವಿಲೋಮವಾಗಿರಬೇಕು ಎಂದು ಬರೆದ.

ಹಾಗಾದರೆ ಗೋಳವೇ ಬೇಕೇ? ಊಟದ ಡಬ್ಬಿಯಂಥ ಸ್ಟೀಲ್ ಪೆಟ್ಟಿಗೆ ಮುಚ್ಚಿಟ್ಟರೆ? ಅಲ್ಲೂ ಸೊನ್ನೆಯೇ, ಆದರೆ ಕಾರಣ ಬೇರೆ. ಲೋಹದಲ್ಲಿ ಎಲೆಕ್ಟ್ರಾನುಗಳು ಓಡಾಡಬಲ್ಲವು. ಲೋಹದೊಳಗೆ ಚೂರು ಕ್ಷೇತ್ರ ಉಳಿದರೂ ಅವು ಸರಿಯುತ್ತಲೇ ಇರುತ್ತವೆ. ಸರಿದಾಟ ನಿಂತಿತೆಂದರೆ ಲೋಹದಲ್ಲಿ ಕ್ಷೇತ್ರ ಸೊನ್ನೆಯಾಗಿದೆ ಎಂದೇ ಅರ್ಥ. ಇನ್ನು ಒಳಗಿನ ಖಾಲಿ ಜಾಗ. ಅಲ್ಲಿ ಕ್ಷೇತ್ರ ಇದ್ದರೆ ಅದರ ರೇಖೆ ಒಳಗೋಡೆಯ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಮುಗಿಯಬೇಕು. ಆ ದಾರಿಯಲ್ಲಿ ಒಂದು ಧನ ಚಾರ್ಜ್ ಬಿಟ್ಟರೆ ಅದಕ್ಕೆ ಶಕ್ತಿ ಸಿಗುತ್ತದೆ. ಅದನ್ನು ಲೋಹದ ಮೂಲಕ, ಅಂದರೆ ಕ್ಷೇತ್ರವೇ ಇಲ್ಲದ ದಾರಿಯಲ್ಲಿ, ಖರ್ಚಿಲ್ಲದೆ ಮೊದಲ ಜಾಗಕ್ಕೆ ತರಬಹುದು. ಸುತ್ತಿ ಸುತ್ತಿ ಬಿಟ್ಟಿ ಶಕ್ತಿ ಗಳಿಸುತ್ತಲೇ ಇರಬಹುದು! ಅದು ಆಗದ ಮಾತು, ಆದ್ದರಿಂದ ಆ ರೇಖೆಯೂ ಇಲ್ಲ. ಡಬ್ಬಿಯ ಹೊರಮೈಯಲ್ಲಿ ಚಾರ್ಜ್ ಸಮನಾಗಿ ಹರಡದೆ ಮೂಲೆಗಳಲ್ಲಿ ಗುಂಪುಗೂಡುವುದೂ ಈ ಸೊನ್ನೆಯನ್ನು ಕಾಯಲಿಕ್ಕೇ.

ಪ್ಲಾಸ್ಟಿಕ್ ಡಬ್ಬಿಯನ್ನು ಒಂದು ಕಡೆ ಉಜ್ಜಿ ಚಾರ್ಜ್ ಮಾಡಿದರೆ ಇದು ಸಿಗದು, ಅಲ್ಲಿ ಚಾರ್ಜ್ ಉಜ್ಜಿದ ಜಾಗದಲ್ಲೇ ಕೂತಿರುತ್ತದೆ. ಲೋಹದ ಡಬ್ಬಿಯ ಒಳಗೇ, ಗೋಡೆಗೆ ತಾಗದಂತೆ ಚಾರ್ಜ್ ತೂಗುಹಾಕಿದರೂ ನಿಯಮ ಅನ್ವಯಿಸದು. ಜಾಗ ಖಾಲಿ ಇರಬೇಕು, ಚಾರ್ಜ್ ನೆಲೆಯಾಗಿ ನಿಂತಿರಬೇಕು.

ಒಂದು ಎಚ್ಚರಿಕೆ, ನಾನೇ ಹಿಂದೆ ಇದರಲ್ಲಿ ಅಂಕ ಕಳೆದುಕೊಂಡಿದ್ದೆ. ಕ್ಷೇತ್ರ ಸೊನ್ನೆ ಅಂದಮಾತ್ರಕ್ಕೆ ವಿಭವ ಸೊನ್ನೆಯಲ್ಲ. ಮೇಲಿನ ಗೋಳದ ಒಟ್ಟು ಚಾರ್ಜ್ ಸುಮಾರು 1257 ನ್ಯಾನೊಕೂಲಂ, ಹಾಗಾಗಿ ಅದರ ವಿಭವ ಸುಮಾರು 1.13 ಲಕ್ಷ ವೋಲ್ಟ್. ಒಳಗಿನ ಪ್ರತಿ ಬಿಂದುವೂ ಅಷ್ಟೇ ಎತ್ತರದಲ್ಲಿದೆ. ಎಲ್ಲ ಕಡೆ ಒಂದೇ ಎತ್ತರ ಇರುವುದರಿಂದಲೇ ಚಾರ್ಜಿಗೆ ಉರುಳಲು ಇಳಿಜಾರಿಲ್ಲ.