ಬೂಸ್ಟ್ ಮಾಡಿ ಕಳೆದ ಏಳು ಸಾವಿರ, ಆಮೇಲೆ ಕಲಿತದ್ದು

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಬೂಸ್ಟ್ ಮಾಡಿದರೆ ಸಾಕಾ, ಇಲ್ಲ ಪೂರ್ತಿ ಜಾಹೀರಾತು ಕ್ಯಾಂಪೇನ್ ಹಾಕಬೇಕಾ? ತಿಂಗಳಿಗೆ ಐದಾರು ಸಾವಿರ ಹಾಕಬಲ್ಲೆ.

ನಾನು ಸಾಗರದ ಕಡೆಯವಳು. ಅತ್ತೆಯೂ ನಾನೂ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಮೊದಲ ವರ್ಷ ಎಂಬತ್ತು ಬಾಟಲಿ ತುಂಬಿಟ್ಟುಕೊಂಡು ನಿಮ್ಮ ಹಾಗೇ ಕೂತಿದ್ದೆ.

ತೊಟ್ಟು ಸಮೇತ ಇರುವ ಮಿಡಿಗಳು ಉಪ್ಪಿನಲ್ಲಿ ಸುರುಟಿಕೊಂಡು ಭರಣಿಯ ಬಾಯಿವರೆಗೂ ತುಂಬಿದ್ದವು, ಅದರ ಫೋಟೋ ಹಾಕಿದೆ. ಕೆಳಗೇ Boost post ಬಟನ್ ಇತ್ತು. ಗುರಿ ಯಾವುದು ಎಂದು ಕೇಳಿದಾಗ Get more engagement ಒತ್ತಿದೆ. ಜಾಗಕ್ಕೆ ಸಾಗರ ಮತ್ತು ಸುತ್ತ 40 ಕಿಲೋಮೀಟರ್ ಕೊಟ್ಟೆ. ನಮ್ಮೂರಿನ ವಸ್ತು, ಮೊದಲು ನಮ್ಮ ಜನಕ್ಕೆ ಗೊತ್ತಾಗಲಿ ಅನ್ನುವುದು ನನ್ನ ಲೆಕ್ಕ. ಹತ್ತು ದಿನಕ್ಕೆ 3000 ರೂಪಾಯಿ ಇಟ್ಟೆ.

ಮೂರನೇ ದಿನಕ್ಕೇ ಆರುನೂರು ಲೈಕ್. "ಬಾಯಲ್ಲಿ ನೀರೂರ್ತು", "ಅಜ್ಜಿ ಮನೆ ನೆನಪಾಯ್ತು" ಅಂತ ಕಾಮೆಂಟುಗಳು. ನನಗೆ ಹಿಡಿಸಲಾರದಷ್ಟು ಖುಷಿ, ಅವತ್ತೇ ಇನ್ನೊಂದು 3000 ಸೇರಿಸಿದೆ. ಹತ್ತು ದಿನ ಮುಗಿದಾಗ ಲೈಕ್ ಸಾವಿರದ ಒಂಬೈನೂರು, ಆರ್ಡರ್ ನಾಲ್ಕು. ಅದರಲ್ಲಿ ಎರಡು ನಮ್ಮ ನೆಂಟರದ್ದು. "ಇಷ್ಟು ಜನ ಚಂದ ಇದೆ ಅಂದ್ರು ಅಂತೀಯಲ್ಲೇ, ಬಾಟ್ಲಿ ಮಾತ್ರ ಎಲ್ಲ ಇಲ್ಲೇ ಇದೆ" ಅಂದರು ಅತ್ತೆ. 6000ದ ಮೇಲೆ ಜಿಎಸ್‌ಟಿ 18%, ಅಂದರೆ 1080. ಒಟ್ಟು 7080 ರೂಪಾಯಿ ಹೋಯಿತು.

ಏನಾಯಿತು ಎಂದು ತಿಳಿಯಲು ಒಂದು ಸಂಜೆ ಕೂತು, ಲೈಕ್ ಕೊಟ್ಟವರ ಪ್ರೊಫೈಲ್ ಒಂದೊಂದಾಗಿ ತೆರೆದು ನೋಡಿದೆ. ಸಾಗರ, ಸೊರಬ, ಹೊಸನಗರ. ಅವರಿಗೆಲ್ಲ ಅಪ್ಪೆಮಿಡಿ ಅಂದರೆ ಪ್ರಾಣ, ಸರಿ. ಆದರೆ ಅವರ ಮನೆಯಲ್ಲೂ ಒಂದು ಭರಣಿ ಇರುತ್ತದೆ! ಮಾರ್ಚ್ ತಿಂಗಳಲ್ಲಿ ಹೊಳೆ ದಂಡೆಯ ಮರದಿಂದ ತಾವೇ ಮಿಡಿ ಇಳಿಸಿಕೊಂಡು ಬರುವವರಿಗೆ ನಾನು ದುಡ್ಡು ಕೊಟ್ಟು ಮಿಡಿಯ ಫೋಟೋ ತೋರಿಸುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಗ ತಪ್ಪಿದ್ದು ಅರ್ಧ ಮಾತ್ರ. ಗುರಿ ಅಂತ ಏನು ಆರಿಸುತ್ತೀರೋ ಅದನ್ನೇ ಫೇಸ್‌ಬುಕ್‌ನ ಯಂತ್ರ ಹುಡುಕುತ್ತದೆ. ಲೈಕ್ ಕೇಳಿದರೆ, ನೀವು ಕೊಟ್ಟ ಜಾಗದೊಳಗೆ ಯಾರು ಕಂಡದ್ದಕ್ಕೆಲ್ಲ ಲೈಕ್ ಒತ್ತುತ್ತಾರೋ ಅಂಥವರನ್ನೇ ಹೆಕ್ಕಿ ತೋರಿಸುತ್ತದೆ. ಮೆಸೇಜ್ ಕೇಳಿದರೆ ಮೆಸೇಜ್ ಕಳಿಸುವ ಅಭ್ಯಾಸ ಇರುವವರನ್ನು ಹುಡುಕುತ್ತದೆ. ಇವರಿಬ್ಬರೂ ಬೇರೆ ಬೇರೆ ಜನ. ನಾನು ಕೇಳಿದ್ದನ್ನು ಅದು ಚಾಚೂ ತಪ್ಪದೆ ಕೊಟ್ಟಿತ್ತು, ಕೇಳಿದ್ದೇ ತಪ್ಪು. ಲೈಕ್ ಏರುತ್ತಿದೆ ಎಂದು ದುಡ್ಡು ಸೇರಿಸಿದ್ದು ಅದರ ಮೇಲಿನ ತಪ್ಪು. ಆ ಮೂರು ದಿನದಲ್ಲಿ ಎಷ್ಟು ಜನ ರೇಟು ಕೇಳಿದರು ಎಂದು ಎಣಿಸಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಕೇಳಿದವರು ಒಬ್ಬರೇ.

ಇದರ ಪೆಟ್ಟು ಅಲ್ಲಿಗೇ ಮುಗಿಯಲಿಲ್ಲ. ನಿಮ್ಮ ಪೇಜಿನಲ್ಲಿ ಲೈಕ್, ಕಾಮೆಂಟ್ ಮಾಡಿದವರ ಗುಂಪು ಮಾಡಿ ಅವರಿಗಷ್ಟೇ ಜಾಹೀರಾತು ತೋರಿಸುವ ಸೌಲಭ್ಯ, ಪೂರ್ತಿ ಕ್ಯಾಂಪೇನ್ ಹಾಕುವ ಫೇಸ್‌ಬುಕ್‌ನ Ads Managerನಲ್ಲಿದೆ, ಒಂದು ವರ್ಷದಷ್ಟು ಹಿಂದಿನವರನ್ನೂ ಸೇರಿಸಬಹುದು. ಅವರನ್ನು ಹೋಲುವ ಹೊಸ ಜನರನ್ನು ಹುಡುಕು ಅಂತಲೂ ಹೇಳಬಹುದು. ನನ್ನ ಗುಂಪಿನ ತುಂಬ ಭರಣಿ ಇರುವವರೇ ತುಂಬಿಕೊಂಡಿದ್ದರು, ಅವರನ್ನು ಹೋಲುವವರ ಮನೆಯಲ್ಲೂ ಭರಣಿಯೇ. ಹಾಗಾಗಿ ಆ ಗುಂಪನ್ನು ಪೂರ್ತಿ ಬಿಟ್ಟು, ಪೇಜಿಗೆ ಮೆಸೇಜ್ ಕಳಿಸಿದವರದ್ದೇ ಬೇರೆ ಗುಂಪು ಕಟ್ಟಬೇಕಾಯಿತು. ಅದು ಬೆಳೆಯಲು ತಿಂಗಳುಗಳೇ ಹಿಡಿದವು.

ಹಾಗಾಗಿ ಬೂಸ್ಟಾ ಕ್ಯಾಂಪೇನಾ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೂಸ್ಟ್‌ನಲ್ಲೂ Get more messages ಇದೆ, ಜಾಗ, ವಯಸ್ಸು ಆರಿಸಬಹುದು. ಅಲ್ಲಿ ಸರಿಯಾಗಿ ಆರಿಸಿದರೆ ಕೆಲಸ ಆಗುತ್ತದೆ. ಕ್ಯಾಂಪೇನ್‌ಗೆ ಹೋಗಿ ಲೈಕ್ ಕೇಳಿದರೆ ಇನ್ನೂ ಅಚ್ಚುಕಟ್ಟಾಗಿ ದುಡ್ಡು ಕಳೆಯಬಹುದು. ಆದರೂ ನೀವು Ads Managerಗೇ ಹೋಗಿ ಅನ್ನುತ್ತೇನೆ. ಈಗಾಗಲೇ ಬಂದುಹೋದವರನ್ನು ಹೊರಗಿಡುವುದು, ಒಂದೇ ಬಜೆಟ್ಟಿನಲ್ಲಿ ಎರಡು ಮೂರು ಫೋಟೋ ಹಾಕಿ ಯಾವುದಕ್ಕೆ ವಿಚಾರಣೆ ಬರುತ್ತದೆ ಎಂದು ನೋಡುವುದು ಎಲ್ಲ ಅಲ್ಲಿ ಸಲೀಸು. ಚೆನ್ನಾಗಿ ಓಡಿದ ಹಳೇ ಪೋಸ್ಟನ್ನೂ ಬಿಡಬೇಕಾಗಿಲ್ಲ. Use existing post ಅಂತ ಆರಿಸಿದರೆ ಅದೇ ಪೋಸ್ಟು, ಅದೇ ಲೈಕು ಕಾಮೆಂಟುಗಳ ಸಮೇತ ಜಾಹೀರಾತಾಗುತ್ತದೆ.

ಎರಡನೇ ಸಲ ನಾನು ಮಾಡಿದ್ದು ಹೀಗೆ. ಕ್ಯಾಂಪೇನ್ ಮಟ್ಟದಲ್ಲಿ Engagement, ಅದರೊಳಗೆ ವಾಟ್ಸಾಪ್ ಮೆಸೇಜ್. ಜಾಗ ಬೆಂಗಳೂರು ಮಾತ್ರ, ಯಾಕೆಂದರೆ ಮಲೆನಾಡು ಬಿಟ್ಟು ಹೋಗಿ ಫ್ಲಾಟಿನಲ್ಲಿ ಭರಣಿ ಇಲ್ಲದೆ ಇರುವವರು ಅಲ್ಲಿದ್ದಾರೆ. ವಯಸ್ಸು 28ರಿಂದ 60. ಭಾಷೆ ಕನ್ನಡ ಅಂತ ಆರಿಸಲು ಕೈ ಹೋಗಿತ್ತು, ಬಿಟ್ಟೆ. ಅದು ಹೆಚ್ಚಾಗಿ ನೋಡುವುದು ಫೋನಿನಲ್ಲಿ ಫೇಸ್‌ಬುಕ್ ಯಾವ ಭಾಷೆಯಲ್ಲಿದೆ ಎಂದು. ನಮ್ಮವರಲ್ಲಿ ಬಹಳ ಜನ ಅದನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ, ಅವರೆಲ್ಲ ತಪ್ಪಿಹೋಗುತ್ತಿದ್ದರು. ಅದರ ಬದಲು ಫೋಟೋ ಮೇಲೇ ದಪ್ಪ ಅಕ್ಷರದಲ್ಲಿ "ಊರಿನ ಅಪ್ಪೆಮಿಡಿ, ಬೆಂಗಳೂರಿನ ಮನೆ ಬಾಗಿಲಿಗೆ, ಕೆಜಿಗೆ 650" ಎಂದು ಬರೆದೆ. ಕನ್ನಡ ಓದುವವರು, ಆ ರೇಟು ಒಪ್ಪುವವರು ಮಾತ್ರ ಮೆಸೇಜ್ ಮಾಡಿದರು.

ಬಜೆಟ್ ದಿನಕ್ಕೆ 200, ಹದಿನೈದು ದಿನ, ಕೊನೆಯ ತಾರೀಖು ಹಾಕಿಯೇ ಶುರು ಮಾಡಿದ್ದು. ದಿನದ ಬಜೆಟ್ ಇಟ್ಟರೆ ಕೆಲವು ದಿನ ಅದಕ್ಕಿಂತ ಹೆಚ್ಚೂ ಖರ್ಚಾಗುತ್ತದೆ, ಆದರೆ ವಾರದ ಲೆಕ್ಕದಲ್ಲಿ ಏಳು ದಿನದ ಮೊತ್ತ ದಾಟುವುದಿಲ್ಲ. ಹಾಗಾಗಿ ಒಂದು ದಿನ 240 ಹೋಯಿತು ಎಂದು ಗಾಬರಿ ಬೀಳಬೇಡಿ. ನಿಜವಾದ ಕಡಿವಾಣ ಪೇಮೆಂಟ್ ಸೆಟ್ಟಿಂಗಿನಲ್ಲಿರುವ Account spending limit. ಅಲ್ಲಿ ಹಾಕಿದ ಮೊತ್ತ ಮುಟ್ಟಿದ ಕೂಡಲೇ ಎಲ್ಲ ಜಾಹೀರಾತೂ ನಿಲ್ಲುತ್ತದೆ, ಬೂಸ್ಟ್ ಸಹ. ಲೈಕ್ ನೋಡಿ ಖುಷಿಯಾಗಿ ರಾತ್ರಿ ಹತ್ತು ಗಂಟೆಗೆ ದುಡ್ಡು ಸೇರಿಸುವ ಕೈಯನ್ನು ತಡೆಯುವುದು ಅದೊಂದೇ.

ಬಂದ ಮೆಸೇಜ್ 96, ಆರ್ಡರ್ 31. ಜಿಎಸ್‌ಟಿ ಸೇರಿ ಖರ್ಚು 3540, ಅಂದರೆ ಆರ್ಡರಿಗೆ ಸುಮಾರು 114 ರೂಪಾಯಿ. ಮೊದಲ ಸಲ ಅದೇ ಲೆಕ್ಕ 1770.

ಇನ್ನು ನಿಮ್ಮ ಐದಾರು ಸಾವಿರ. ಅದನ್ನು ಬೆಂಗಳೂರಿಗೊಂದು, ಮೈಸೂರಿಗೊಂದು, ಹುಬ್ಬಳ್ಳಿಗೊಂದು ಅಂತ ಹಂಚಬೇಡಿ. ಕ್ಯಾಂಪೇನಿನೊಳಗೆ ಜಾಗ, ವಯಸ್ಸು ಆರಿಸುವ ಭಾಗಕ್ಕೆ Ad set ಅನ್ನುತ್ತಾರೆ. ಒಂದು Ad setಗೆ ವಾರಕ್ಕೆ ಸುಮಾರು 50 ಫಲಿತಾಂಶ, ಅಂದರೆ ನಮ್ಮ ಲೆಕ್ಕದಲ್ಲಿ ಮೆಸೇಜ್, ಸಿಕ್ಕರೆ ಮಾತ್ರ ಯಾರಿಗೆ ತೋರಿಸಬೇಕು ಎಂಬುದು ಆ ಯಂತ್ರಕ್ಕೆ ಗಟ್ಟಿಯಾಗುತ್ತದೆ. ದಿನಕ್ಕೆ 200ಕ್ಕೆ ನನಗೆ ವಾರಕ್ಕೆ 45 ಸಿಕ್ಕಿತು, ಹತ್ತಿರ ಹತ್ತಿರ ಬಂತು. ಮೂರು ಪಾಲು ಮಾಡಿದ್ದರೆ ಹದಿನೈದರಂತೆ, ಯಾವುದೂ ಕಲಿಯುತ್ತಿರಲಿಲ್ಲ. ಮಧ್ಯೆ ಜಾಗ, ಫೋಟೋ ಬದಲಿಸಿದರೂ ಆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದೇ ಊರು, ಒಂದೇ Ad set, ಹದಿನೈದು ದಿನ ಮುಟ್ಟದೆ ಬಿಡಿ.

ಊರು ಯಾವುದು ಎಂದು ಆರಿಸಲು ನಿಮ್ಮ ಹೋಂಸ್ಟೇ ರಿಜಿಸ್ಟರ್ ತೆಗೆಯಿರಿ. ಹಿಂದಿನ ಎರಡು ಮಳೆಗಾಲದಲ್ಲಿ ಬಂದವರ ವಿಳಾಸದಲ್ಲಿ ಯಾವ ಊರು ಹೆಚ್ಚಿದೆಯೋ ಅದನ್ನೇ ಹಾಕಿ. ಹೊಸನಗರ, ಶಿವಮೊಗ್ಗ ಮಾತ್ರ ಬೇಡ, ನಿಮ್ಮ ಮಂಜಿನ ಫೋಟೋಗೆ ಲೈಕ್ ಕೊಡುವವರ ಹಿತ್ತಲಲ್ಲೂ ಅದೇ ಮಂಜು ಇದೆ. ಒಂದು ರಾತ್ರಿಗೆ ತಲೆಗೆಷ್ಟು ಎಂಬುದನ್ನು ಫೋಟೋ ಮೇಲೇ ಬರೆಯಿರಿ, ಮೆಸೇಜ್ ಕಡಿಮೆ ಬಂದರೂ ಸರಿ. ಐದನೇ ದಿನ ಒಂದು ಹಾಳೆಯಲ್ಲಿ ಮೆಸೇಜ್ ಎಷ್ಟು, ತಾರೀಖು ಕೇಳಿದವರು ಎಷ್ಟು, ಮುಂಗಡ ಕಳಿಸಿದವರು ಎಷ್ಟು ಎಂದು ಬರೆದುಕೊಳ್ಳಿ. ಮೆಸೇಜ್ ಬಂದೂ ತಾರೀಖು ಯಾರೂ ಕೇಳದಿದ್ದರೆ ಊರಿನ ಆಯ್ಕೆ ತಪ್ಪಿದೆಯೋ, ರೇಟು ಜನಕ್ಕೆ ಕಾಣುತ್ತಿಲ್ಲವೋ ಎಂದು ನೋಡಿ. ತಾರೀಖು ಕೇಳಿ ಮುಂಗಡ ಕಳಿಸದಿದ್ದರೆ ಜಾಹೀರಾತಿನದ್ದೇನೂ ತಪ್ಪಿಲ್ಲ, ನೀವು ಉತ್ತರ ಕೊಡಲು ಎಷ್ಟು ಹೊತ್ತು ಮಾಡಿದಿರಿ ಎಂಬುದನ್ನು ವಾಟ್ಸಾಪ್ ತೆರೆದು ನೋಡಿ. ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ಬಂದ ಒಂಬತ್ತು ಮೆಸೇಜಿನಲ್ಲಿ ಒಂದೂ ಆರ್ಡರ್ ಆಗಲಿಲ್ಲ.