ಸಂಬಳ ನಿಂತರೆ ಲೇಬರಿಗೆ ಯಾವಾಗ, ಪೊಲೀಸಿಗೆ ಯಾವಾಗ

"ಅಣ್ಣಾ, ದುಬೈಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಎರಡು ತಿಂಗಳ ಸಂಬಳ ಬಾಕಿ. ಮಾಲಿಕರು ಕುಂಬಳೆಯವರೇ, ಮಾವನ ಪರಿಚಯ. ಲೇಬರಿಗೆ ಕಂಪ್ಲೇಂಟ್ ಕೊಡುವುದಾ, ಪೊಲೀಸಿಗೆ ಹೋಗುವುದಾ, ಇನ್ನೂ ಕಾಯುವುದಾ?"

ಸಂಬಳಕ್ಕಾಗಿ ಪೊಲೀಸಿಗೆ ಹೋಗಬೇಡ ತಮ್ಮಾ, ಅವರು ನಿನ್ನನ್ನು ಲೇಬರಿಗೇ, ಅಂದರೆ ಇಲ್ಲಿನ ಕಾರ್ಮಿಕ ಸಚಿವಾಲಯಕ್ಕೇ ಕಳಿಸುತ್ತಾರೆ. ಯಾರಾದರೂ ಕೈ ಮಾಡಿದರೆ, ರೂಮಿನಲ್ಲಿ ಕೂಡಿಹಾಕಿದರೆ, ಬೆದರಿಸಿದರೆ ಅದು ಪೊಲೀಸರ ಕೆಲಸ, ಆಗ ಅದೇ ದಿನ ಹೋಗಬೇಕು.

ಮಾವನ ಮೂಲಕ ಮಾತಾಡಿಸುವುದು ತಪ್ಪಲ್ಲ. ಆದರೆ ಅದಕ್ಕೊಂದು ತಾರೀಕು ಇರಲಿ. "ಇಂಥ ದಿನದೊಳಗೆ ಎರಡು ತಿಂಗಳ ಬಾಕಿ ಕೊಡಿ" ಎಂದು ಮಾಲಿಕರಿಗೆ ಮರ್ಯಾದೆಯಿಂದ ವಾಟ್ಸಾಪ್ ಮಾಡು. ಅವರು "ಬರುವ ವಾರ ಕೊಡುತ್ತೇನೆ" ಎಂದು ಬರೆದರೂ ಅದು ನಿನಗೆ ಸಾಕ್ಷಿ. ಫೋನಿನಲ್ಲಿ ಮಾತಾಡುವಾಗ ಕದ್ದು ರೆಕಾರ್ಡ್ ಮಾಡಬೇಡ. ಅವರ ಹೆಸರು, ಫೋಟೊ ಹಾಕಿ ಊರಿನ ಗುಂಪುಗಳಲ್ಲಿ ಬೈಯಲೂಬೇಡ. ಇಲ್ಲಿ ಅವೆರಡೂ ಅಪರಾಧ. ಸಂಬಳ ಕೇಳಲು ಹೋದ ನೀನೇ ಆರೋಪಿಯಾಗುತ್ತೀ. ಹೇಳಿದ ದಿನ ಕಳೆಯಿತೋ, ಇನ್ನೊಂದು ತಾರೀಕು ಕೇಳಬೇಡ, ಲೇಬರಿಗೆ ಕೊಟ್ಟುಬಿಡು. ಆ ಸಚಿವಾಲಯದ MOHRE ಆ್ಯಪ್‌ನಲ್ಲಿ ಕೊಡಬಹುದು, 80084ಕ್ಕೆ ಫೋನ್ ಮಾಡಿಯೂ ಕೊಡಬಹುದು.

ಅಲ್ಲಿಯವರೆಗೆ ಕೆಲಸಕ್ಕೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡ ಮಾರಾಯ. ನಮ್ಮ ಹುಡುಗರು ಹೆಚ್ಚಾಗಿ ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಬೇರೆ ರೂಮಿಗೆ ಹೋಗಿ ಕೂರುತ್ತಾರೆ. ಏಳು ದಿನಕ್ಕಿಂತ ಹೆಚ್ಚು ಸುದ್ದಿಯಿಲ್ಲದೆ ಇದ್ದರೆ ಮಾಲಿಕ 'ಓಡಿಹೋದ' ಎಂದು ಅಬ್‌ಸ್ಕಾಂಡಿಂಗ್ ಹಾಕಬಹುದು, ಆಮೇಲೆ ಸಂಬಳಕ್ಕಿಂತ ಮೊದಲು ಆ ಹೆಸರನ್ನು ತೊಳೆದುಕೊಳ್ಳಬೇಕು. ಸಂಬಳ ಕೊಡದ ಮಾಲಿಕನನ್ನು ನೋಟಿಸ್ ಇಲ್ಲದೆ ಬಿಡುವ ದಾರಿ ಕಾನೂನಿನಲ್ಲಿ ಉಂಟು. ಆದರೆ ಬಿಡುವ 14 ಕೆಲಸದ ದಿನ ಮೊದಲೇ ಲೇಬರಿಗೆ ತಿಳಿಸಿರಬೇಕು, ಅಷ್ಟರಲ್ಲೂ ಮಾಲಿಕ ಸರಿಪಡಿಸದೆ ಇರಬೇಕು.

ನಮ್ಮ ರೂಮಿನಲ್ಲಿ ಮಂಜೇಶ್ವರ ಕಡೆಯ ಒಬ್ಬ ಹುಡುಗನಿದ್ದ. ಕಾಂಟ್ರಾಕ್ಟಿನಲ್ಲಿ ಸಂಬಳ 1,800 ದಿರ್ಹಮ್, ಅದರಲ್ಲಿ ಬೇಸಿಕ್ 1,200. ಮೂರು ತಿಂಗಳು ಕೈಗೆ ಏನೂ ಬರಲಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ಮಾಲಿಕ ವೀಸಾ ಕ್ಯಾನ್ಸಲ್ ಕಾಗದ ತಂದು, "ಸೈನ್ ಹಾಕು, ಟಿಕೆಟ್ ಇದೆ, ದುಡ್ಡು ಮನೆಗೆ ಕಳಿಸುತ್ತೇನೆ" ಎಂದ. ಆ ಕಾಗದದಲ್ಲಿ 'ಬರಬೇಕಾದ್ದೆಲ್ಲ ಬಂದಿದೆ' ಎಂಬ ಸಾಲಿತ್ತು. ಹುಡುಗ ಸೈನ್ ಹಾಕದೆ ಲೇಬರಿಗೆ ಕೊಟ್ಟ. ಸಂಬಳ ಬಾಕಿ 5,400. ಗ್ರಾಚ್ಯುಟಿ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ 840, ಎರಡು ವರ್ಷಕ್ಕೆ 1,680. ಒಟ್ಟು ಕೇಳಿದ್ದು 7,080.

ಮಾಲಿಕ ಬ್ಯಾಂಕಿನ ದಾಖಲೆ ತೋರಿಸಿದ: ಎರಡು ತಿಂಗಳ ಸಂಬಳ ಖಾತೆಗೆ ಹಾಕಿದ್ದು ನಿಜವೇ. ಆದರೆ ಹಾಕಿದ ದಿನವೇ ಹುಡುಗನ ಎಟಿಎಂ ಕಾರ್ಡ್ ಇಸಿದುಕೊಂಡು ಎಲ್ಲವನ್ನೂ ವಾಪಸ್ ತೆಗೆದಿದ್ದ. ಸಂಬಳ ಬ್ಯಾಂಕಿನ ಮೂಲಕವೇ ಆಗಬೇಕೆಂಬ ನಿಯಮವನ್ನು ಕಾಗದದ ಮೇಲೆ ಪಾಲಿಸಿದಂತೆ ಕಾಣಲಿ ಎಂದು ಕೆಲವರು ಹೀಗೆ ಮಾಡುತ್ತಾರೆ. ಹುಡುಗನನ್ನು ಉಳಿಸಿದ್ದು "ಕಾರ್ಡ್ ಹಿಡ್ಕೊಂಡು ಬಾ" ಎಂದು ಮಾಲಿಕನೇ ಕಳಿಸಿದ್ದ ಮೆಸೇಜು, ಮತ್ತು ಅದೇ ಗಂಟೆಯಲ್ಲಿ ಹಣ ತೆಗೆದದ್ದಕ್ಕೆ ಬಂದ ಬ್ಯಾಂಕಿನ ಎಸ್ಸೆಮ್ಮೆಸ್ಸು. ಅಳಿಸದೆ ಇಟ್ಟುಕೊಂಡಿದ್ದ. ಪೂರ್ತಿ ಹಣ ಬಂತು. ನಿನ್ನ ಕಾರ್ಡ್ ಈಗ ಯಾರ ಕೈಯಲ್ಲಿ ಉಂಟು? ಪಾಸ್‌ಪೋರ್ಟ್ ಯಾರ ಹತ್ತಿರ? ಅದನ್ನು ಮಾಲಿಕ ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧವೇ, ಕಂಪ್ಲೇಂಟಿನಲ್ಲಿ ಅದನ್ನೂ ಸೇರಿಸು.

ಕೋರ್ಟಿನ ಹೆದರಿಕೆ ಬೇಡ. ಲೇಬರಿನವರು ಮೊದಲು ಇಬ್ಬರನ್ನೂ ಕರೆದು ರಾಜಿಗೆ ನೋಡುತ್ತಾರೆ. 2024ರಿಂದ 50,000 ದಿರ್ಹಮ್ ಒಳಗಿನ ಬಾಕಿಗೆ ಅವರೇ ತೀರ್ಪು ಕೊಡಬಹುದು. ಒಪ್ಪಿಗೆಯಾಗದವರಿಗೆ ಕೋರ್ಟಿಗೆ ಹೋಗಲು 15 ಕೆಲಸದ ದಿನ ಸಿಗುತ್ತದೆ. 1,00,000ದ ಒಳಗಿನ ಕೇಸಿಗೆ ಕಾರ್ಮಿಕ ಫೀಸು ಕಟ್ಟಬೇಕಿಲ್ಲ.

"ನಮ್ಮ ಊರಿನವರ ಮೇಲೆಯೇ ಕೊಟ್ಟೆಯಾ?" ಎಂದು ಮಾವನ ಮನೆಯಲ್ಲಿ ಕೇಳಿಯಾರು. ಅಷ್ಟು ಮುಜುಗರವಿದ್ದರೆ ಸಂಬಳ ಬಾರದ್ದನ್ನು ಹೆಸರು ಹೊರಗೆ ಬಾರದಂತೆ ತಿಳಿಸುವ ವ್ಯವಸ್ಥೆಯೂ ಲೇಬರಿನಲ್ಲಿ ಉಂಟು. ನಾಲ್ಕೇ ಜನರಿರುವ ಅಂಗಡಿಯಾದರೆ ಕೊಟ್ಟವರು ಯಾರೆಂದು ಮಾಲಿಕರಿಗೆ ಗೊತ್ತಾಗದೆ ಇರಲಿಕ್ಕಿಲ್ಲ, ಅದಕ್ಕೂ ತಯಾರಿರು.

ನಾನು ಹೇಳಿದ್ದೆಲ್ಲ ಈ ಕಾರ್ಮಿಕ ಸಚಿವಾಲಯದ ಕೆಳಗಿನ ಕಂಪನಿಗಳಿಗೆ. ಫ್ರೀಝೋನ್, ಅಂದರೆ ತನ್ನದೇ ಆಡಳಿತವಿರುವ ವ್ಯಾಪಾರ ವಲಯದ ಕಂಪನಿಯಾದರೆ ಮೊದಲು ಆ ಝೋನಿನ ಆಫೀಸಿಗೆ ಹೋಗಬೇಕಾದೀತು. ಕಾಂಟ್ರಾಕ್ಟ್ ತೆಗೆದು ಯಾವ ಮುದ್ರೆ ಉಂಟೆಂದು ನೋಡಿ ಹೇಳು, ಕಂಪ್ಲೇಂಟಿನಲ್ಲಿ ಏನೇನು ಬರೆಯಬೇಕೆಂದು ಮತ್ತೆ ನೋಡೋಣ.